ಷೇರು ಏರಿದರೂ ನಷ್ಟ ಹೇಗೆ?

ಭಾಲ್ಕಿಯ ಮೇಷ್ಟ್ರೊಬ್ಬರು, ಔರಾದಿನ ಕಿರಾಣಿ ಅಂಗಡಿಯವರೊಬ್ಬರು. ಇಬ್ಬರ ಕಣ್ಣೂ ಇನ್ಫೋಸಿಸ್ ಷೇರಿನ ಮೇಲೆ. ಷೇರಿನ ದರ 1,500 ರೂಪಾಯಿ ಎಂದಿಟ್ಟುಕೊಳ್ಳೋಣ. ಪಾತ್ರಗಳಂತೆ ದರಗಳೂ ಲೆಕ್ಕಕ್ಕಾಗಿ ಕಲ್ಪಿಸಿಕೊಂಡವು. ಮೇಷ್ಟ್ರು 6 ಲಕ್ಷ ಕೊಟ್ಟು 400 ಷೇರು ಕೊಂಡರು. ಅಂಗಡಿಯವರು 400 ಷೇರುಗಳ ಒಂದು ಲಾಟ್ ಕಾಲ್ ಆಪ್ಷನ್ ಹಿಡಿದರು.

ಕಾಲ್ ಆಪ್ಷನ್ ಎಂದರೆ ಗೊತ್ತಾದ ದಿನ, ಗೊತ್ತಾದ ದರಕ್ಕೆ ಷೇರು ಕೊಳ್ಳುವ ಹಕ್ಕು. ಇಲ್ಲಿ ಆ ದರ, ಅಂದರೆ ಸ್ಟ್ರೈಕ್ ಪ್ರೈಸ್, 1,500. ಹಕ್ಕಿನ ಬೆಲೆ ಷೇರಿಗೆ 40 ರೂಪಾಯಿಯಂತೆ 16,000. ಇದೇ ಪ್ರೀಮಿಯಂ. ಬೀದರಿನಲ್ಲಿ ಪ್ಲಾಟಿಗೆ ಕೊಡುವ ಮುಂಗಡದ ಹಾಗೆ ಕಾಣುತ್ತದೆ. ಆದರೆ ಮುಂಗಡ ಖರೀದಿಯ ಹಣದಲ್ಲಿ ವಜಾ ಆಗುತ್ತದೆ, ಪ್ರೀಮಿಯಂ ಆಗುವುದಿಲ್ಲ.

ಅವಧಿ ಮುಗಿಯುವ ದಿನ ದರ 1,600 ಆಯಿತೆನ್ನಿ. ಮೇಷ್ಟ್ರ ಷೇರಿನ ಮೌಲ್ಯ 40,000 ಹೆಚ್ಚಿತು. ಅಂಗಡಿಯವರ ಹಕ್ಕೂ 40,000 ಬಾಳುತ್ತದೆ, ಪ್ರೀಮಿಯಂ ಕಳೆದರೆ ಕೈಗೆ 24,000. ದರ 1,200ಕ್ಕೆ ಕುಸಿದರೆ ಮೇಷ್ಟ್ರಿಗೆ 1,20,000 ನಷ್ಟ. ಅಂಗಡಿಯವರು ಹಕ್ಕು ಚಲಾಯಿಸುವುದೇ ಇಲ್ಲ. ಹೋಗುವುದು 16,000 ಮಾತ್ರ.

ಹೊಸಬರು ಎಡವುವುದು ಇವೆರಡರ ನಡುವೆ. ದರ 1,520ಕ್ಕೆ ನಿಂತಿತು ಎನ್ನಿ. ಷೇರು ಏರಿದೆ, ಮೇಷ್ಟ್ರಿಗೆ 8,000 ಲಾಭ. ಅಂಗಡಿಯವರ ಹಕ್ಕಿನ ಮೌಲ್ಯ ಷೇರಿಗೆ 20 ರೂಪಾಯಿ, ಕೊಟ್ಟದ್ದು 40. ಅವರ ಊಹೆ ನಿಜವಾದರೂ 8,000 ಕೈಬಿಟ್ಟಿತು! 1,540 ದಾಟಿದ ಮೇಲೆಯೇ ಅವರಿಗೆ ಲಾಭ ಶುರು. ಆಮೇಲೆ ದರ ಎಷ್ಟೇ ಏರಲಿ, ಅವರ ಲಾಭ ಮೇಷ್ಟ್ರಿಗಿಂತ 16,000 ಕಡಿಮೆಯೇ. ದೊಡ್ಡ ಕುಸಿತದಿಂದ ತಪ್ಪಿಸಿಕೊಂಡದ್ದಕ್ಕೆ ತೆತ್ತ ಬೆಲೆ ಅದು. ಷೇರು 1,460ಕ್ಕಿಂತ ಕೆಳಗಿಳಿದರೆ ಮಾತ್ರ ಅಂಗಡಿಯವರ ಆಯ್ಕೆ ಮೇಲು.

ಕಾಲದ ವಿಷಯದಲ್ಲಂತೂ ಇಬ್ಬರೂ ಸಮಾನರಲ್ಲ. ಷೇರು ಇಳಿದರೂ ಮೇಷ್ಟ್ರು ವರ್ಷಗಟ್ಟಲೆ ಕಾಯಬಹುದು, ನಡುವೆ ಡಿವಿಡೆಂಡ್ ಬಂದರೆ ಅದೂ ಅವರದೇ. ಆಪ್ಷನ್ ಗೊತ್ತಾದ ದಿನಕ್ಕೇ ಮುಗಿಯಿತು. ಮರುದಿನ ಷೇರು ಜಿಗಿದರೂ ಅಂಗಡಿಯವರಿಗೆ ಬಿಡಿಗಾಸಿಲ್ಲ.

ಇನ್ನೊಂದು ಮಾತನ್ನು ಜಾಹೀರಾತುಗಳು ಹೇಳುವುದು ಅಪರೂಪ. ನಮ್ಮ ದೇಶದಲ್ಲಿ ಕಂಪನಿ ಷೇರುಗಳ ಆಪ್ಷನ್‌ಗಳು 2019ರಿಂದ ನಗದಿನ ಲೆಕ್ಕದಲ್ಲಿ ಚುಕ್ತಾ ಆಗುವುದಿಲ್ಲ, ಷೇರುಗಳನ್ನೇ ಕೊಟ್ಟು ತೆಗೆದುಕೊಳ್ಳಬೇಕು. ಆಪ್ಷನ್ನನ್ನು ಕೊನೆಯವರೆಗೂ ಇಟ್ಟುಕೊಂಡಿದ್ದು ದರ 1,500ಕ್ಕಿಂತ ಮೇಲೆ ನಿಂತರೆ, 16,000ದ ಆಟವೆಂದು ಇಳಿದವರು 6 ಲಕ್ಷ ಕಟ್ಟಿ 400 ಷೇರು ಪಡೆಯಬೇಕು. ಅಷ್ಟು ಹಣ ಖಾತೆಯಲ್ಲಿ ಇಲ್ಲದಿದ್ದರೆ ಅವಧಿ ಮುಗಿಯುವ ಮೊದಲೇ ಆಪ್ಷನ್ ಮಾರಿ ಹೊರಬನ್ನಿ.