ಇಕ್ಕಟ್ಟಾದ ಕವಾಟ, ಉಕ್ಕುವ ರಕ್ತ

ಇಪ್ಪತ್ನಾಲ್ಕರ ಹರೆಯದ ಒಬ್ಬ ಗರ್ಭಿಣಿಯನ್ನು ಊಹಿಸಿಕೊಳ್ಳಿ. ಏಳನೇ ತಿಂಗಳು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ರಾತ್ರಿ ಕೆಮ್ಮುತ್ತಾ ಎದ್ದು ಕೂರುತ್ತಾಳೆ. ಮನೆಯವರು ‘ಬಸುರಿಯರಿಗೆ ಇದೆಲ್ಲ ಸಹಜ’ ಎನ್ನುತ್ತಾರೆ. ಸಹಜವಲ್ಲ. ಬಾಲ್ಯದಲ್ಲಿ ಬಂದುಹೋದ ರುಮ್ಯಾಟಿಕ್ ಜ್ವರ ಅವಳ ಹೃದಯದ ಮೈಟ್ರಲ್ ಕವಾಟವನ್ನು ಸದ್ದಿಲ್ಲದೆ ಕಿರಿದಾಗಿಸಿತ್ತು.

ಬಸಿರಿನಲ್ಲಿ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ, ನಾಡಿಯೂ ವೇಗ ಪಡೆಯುತ್ತದೆ. ಆರೋಗ್ಯವಂತ ಕವಾಟದ ಬಾಯಿ 4ರಿಂದ 6 ಚದರ ಸೆಂಟಿಮೀಟರ್. ಇವಳದು ಕೇವಲ 1. ರಕ್ತ ಅದನ್ನು ದಾಟುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ನಾಡಿ ಓಡಿದಷ್ಟೂ ಆ ಬಿಡುವು ಕಿರಿದಾಗಿ, ರಕ್ತ ಹಿಂದೆ ನಿಂತು, ಶ್ವಾಸಕೋಶದಲ್ಲಿ ನೀರು ಜಿನುಗುತ್ತದೆ. ಆದ್ದರಿಂದಲೇ ವೈದ್ಯರು ಮೊದಲು ನಾಡಿಯನ್ನು ನಿಧಾನಿಸುವ ಬೀಟಾ ಬ್ಲಾಕರ್, ನೀರಿಳಿಸುವ ಮಾತ್ರೆ ಕೊಡುತ್ತಾರೆ. ಸಾಲದಿದ್ದರೆ, ಕವಾಟದ ಸ್ಥಿತಿ ಅನುಕೂಲವಾಗಿದ್ದಲ್ಲಿ, ತೊಡೆಯ ರಕ್ತನಾಳದ ಮೂಲಕ ಬಲೂನ್ ತೂರಿಸಿ ಅದನ್ನು ಅಗಲಿಸುತ್ತಾರೆ.

ಹೆರಿಗೆಯಾದರೆ ಗಂಡಾಂತರ ಕಳೆಯಿತು ಎಂದುಕೊಳ್ಳುವುದು ದೊಡ್ಡ ತಪ್ಪು. ಗರ್ಭಕೋಶ ಕುಗ್ಗಿದೊಡನೆ ಅಲ್ಲಿನ ರಕ್ತ ಹೃದಯಕ್ಕೆ ಮರಳಿ ನುಗ್ಗುತ್ತದೆ. ಮೊದಲ ಒಂದೆರಡು ದಿನ ಬಾಣಂತಿಯ ಉಸಿರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು.

ಇದಕ್ಕಿಂತ ಕಠಿಣವಾದದ್ದು ಶ್ವಾಸಕೋಶದ ಅಪಧಮನಿಗಳ ಅಧಿಕ ಒತ್ತಡ. ಹೃದಯದಲ್ಲಿ ಹುಟ್ಟಿನಿಂದಿದ್ದ ರಂಧ್ರ ಮುಚ್ಚದೆ ಉಳಿದು ಬರುವ ಐಸೆನ್‌ಮೆಂಗರ್ ಸ್ಥಿತಿಯೂ ಇದೇ ಗುಂಪಿನದು. ತೀರ ದುರ್ಬಲವಾದ ಹೃದಯ ಸ್ನಾಯು, ಬಹಳ ಹಿಗ್ಗಿದ ಮಹಾಪಧಮನಿ ಕೂಡ ಅಷ್ಟೇ ಅಪಾಯಕಾರಿ. ಇಂಥವರಿಗೆ ವೈದ್ಯರು ಗರ್ಭಧಾರಣೆಯೇ ಬೇಡ ಎನ್ನುತ್ತಾರೆ. ಆ ಮಾತು ಮದುವೆಯ ಹೊತ್ತಿಗೇ ಅವಳ ಕಿವಿಗೆ ಬೀಳಬೇಕು; ಒಂದು ಎಕೋ ಪರೀಕ್ಷೆ ಬಹುಪಾಲು ಸುಳಿವು ಕೊಡುತ್ತದೆ.