ಟ್ರಾಲಿಯಲ್ಲೇ ಉಳಿದ ಆರು ಬಾಕ್ಸ್

ನೆಲಮಂಗಲ, ಹೊಸಕೋಟೆ, ಮಾಲೂರು ಕಡೆ ಹೋದರೆ ಹೆದ್ದಾರಿ ಬದಿಯಲ್ಲಿ ತಗಡಿನ ಚಾವಣಿಯ ಉದ್ದುದ್ದ ಗೋದಾಮುಗಳು ಕಾಣುತ್ತವೆ. ಅಂಗಡಿಗಳಿಗೆ, ಆನ್‌ಲೈನ್ ಗಿರಾಕಿಗಳಿಗೆ ಹೋಗುವ ದಿನಸಿ, ಸೋಪು, ಬಿಸ್ಕತ್ತು ಎಲ್ಲವೂ ಇಂಥ ಕಡೆಯಿಂದಲೇ ಹೊರಡುತ್ತದೆ. ಒಳಗೆ ಕೆಲಸ ಹಂಚಲು ಈಗ ಮೇಸ್ತ್ರಿ ಕೂಗಬೇಕಾಗಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಒಂದು ಸ್ಕ್ಯಾನರ್ ಇರುತ್ತದೆ. ಯಾವ ಸಾಲಿಗೆ ಹೋಗಬೇಕು, ಯಾವ ಬಿನ್‌ನಿಂದ ಎಷ್ಟು ಪೀಸ್ ತೆಗೆಯಬೇಕು, ಎಲ್ಲಿ ತಂದಿಡಬೇಕು ಎಂಬುದನ್ನು ಅದರ ಪರದೆಯೇ ಹೇಳುತ್ತದೆ. ಒಂದು ಮುಗಿಸಿ ಗುಂಡಿ ಒತ್ತಿದ ತಕ್ಷಣ ಮುಂದಿನ ಟಾಸ್ಕ್ ಬಂದು ಕೂರುತ್ತದೆ.

ಎಂಟು ಗಂಟೆ ಸರಾಗವಾಗಿ ಸಾಗುವ ಈ ಏರ್ಪಾಡು ತೊಡಕಾಗುವುದು ಶಿಫ್ಟ್ ಬದಲಾಗುವ ಹೊತ್ತಿನಲ್ಲಿ. ಮಧ್ಯಾಹ್ನ ಎರಡಕ್ಕೆ ಬಂದವರು ರಾತ್ರಿ ಹತ್ತಕ್ಕೆ ಹೊರಡಬೇಕು, ಕಂಪನಿ ಬಸ್ಸು ಹತ್ತೂ ಹತ್ತಕ್ಕೆ ಬಿಡುತ್ತದೆ. ಆದರೆ ಸಿಸ್ಟಮ್‌ಗೆ ಬಸ್ಸಿನ ಗೊಡವೆ ಇಲ್ಲ. ಒಂಬತ್ತೂ ಐವತ್ತಕ್ಕೂ ಅದು ಹನ್ನೆರಡು ಲೈನಿನ ಹೊಸ ಪಿಕ್ಕಿಂಗ್ ಟಾಸ್ಕ್ ಕೊಡುತ್ತದೆ. ಅರ್ಧಕ್ಕೆ ನಿಂತ ಆ ಟಾಸ್ಕ್‌ನ ಲೆಕ್ಕ ಪರದೆಯಲ್ಲಿ ಒಂದು ರೀತಿ, ನೆಲದ ಮೇಲೆ ಇನ್ನೊಂದು ರೀತಿ ಉಳಿದುಬಿಡುತ್ತದೆ. ಶಿಫ್ಟ್ ಮುಗಿಸುವ ಚೆಕ್‌ಲಿಸ್ಟ್ ಇರುವುದು ಈ ಎರಡು ಲೆಕ್ಕವನ್ನು ತಾಳೆ ಮಾಡಲಿಕ್ಕೆ.

ಅದರ ಮೊದಲ ಹೆಜ್ಜೆ ಹತ್ತಕ್ಕೆ ಶುರುವಾಗುವುದಿಲ್ಲ, ಒಂಬತ್ತೂವರೆಗೇ ಶುರುವಾಗುತ್ತದೆ. ಆ ಹೊತ್ತಿಗೆ ಇನ್‌ಚಾರ್ಜ್ ತನ್ನ ಶಿಫ್ಟಿನವರಿಗೆ ದೊಡ್ಡ ಟಾಸ್ಕ್ ಹೋಗುವುದನ್ನು ನಿಲ್ಲಿಸಬೇಕು. ಬಾಯಲ್ಲಿ ಹೇಳಿದರೆ ಸಾಲದು, ಏಕೆಂದರೆ ಕೊಡುತ್ತಿರುವುದು ಸಿಸ್ಟಮ್. ಸರದಿಯನ್ನೇ ತಡೆಹಿಡಿಯಬೇಕು, ಇಲ್ಲವೇ ಆ ಬಳಕೆದಾರರನ್ನು ಪಿಕ್ಕಿಂಗ್‌ನಿಂದ ತೆಗೆದು ಸಣ್ಣ ಕೆಲಸದ ಪಟ್ಟಿಗೆ ಹಾಕಬೇಕು. ಒಂದು ಟಾಸ್ಕ್‌ಗೆ ಸಾಮಾನ್ಯವಾಗಿ ಹದಿನೈದು ನಿಮಿಷ ಹಿಡಿಯುವ ಕಡೆ, ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಉಳಿದಾಗ ಹೊಸದನ್ನು ಎತ್ತದಿರುವುದು ಒಳ್ಳೆಯದು. ಉಳಿದ ಹೊತ್ತಿಗೆ ಒಂದೊಂದೇ ಪ್ಯಾಲೆಟ್ ರ‍್ಯಾಕ್‌ಗೆ ಏರಿಸುವುದು, ಖಾಲಿ ಟೋಟ್‌ಗಳನ್ನು ಒಟ್ಟುಮಾಡುವುದು ಮುಂತಾದ ಕೆಲಸ ಇದ್ದೇ ಇರುತ್ತದೆ.

ಆಮೇಲೆ ಇನ್‌ಚಾರ್ಜ್ ತೆರೆದಿರುವ ಟಾಸ್ಕ್‌ಗಳ ಪಟ್ಟಿಯನ್ನು ತೆಗೆದು, ಹಳೆಯದು ಮೇಲೆ ಬರುವಂತೆ ಜೋಡಿಸಿಕೊಳ್ಳಬೇಕು. ಅಲ್ಲಿ ಮೂರು ಬಗೆಯವು ಕಾಣುತ್ತವೆ. ಯಾರದೋ ಹೆಸರಿಗೆ ಹೋಗಿದ್ದರೂ ಅವರು ಮುಟ್ಟದೇ ಇರುವವು ಮೊದಲ ಬಗೆ. ಇವನ್ನು ಆ ಹೆಸರಿನಿಂದ ಬಿಡಿಸಿ ಮತ್ತೆ ಸರದಿಗೆ ಸೇರಿಸಿದರೆ ಮುಗಿಯಿತು. ಸಾಮಾನನ್ನು ಪ್ಯಾಕಿಂಗ್ ಮೇಜಿಗೆ ತಂದಿಟ್ಟಿದ್ದರೂ ಕೊನೆಯ ಸ್ಕ್ಯಾನ್ ಮಾಡದೆ ಬಿಟ್ಟವು ಎರಡನೆಯ ಬಗೆ. ಸಿಸ್ಟಮ್ ದೃಷ್ಟಿಯಲ್ಲಿ ಆ ಸಾಮಾನು ಇನ್ನೂ ಹುಡುಗನ ಟ್ರಾಲಿಯಲ್ಲೇ ತಿರುಗುತ್ತಿರುತ್ತದೆ, ಅದನ್ನು ಪ್ಯಾಕ್ ಮಾಡಲು ಬಿಡುವುದಿಲ್ಲ. ಹೋಗಿ ಮೇಜಿನ ಬಾರ್‌ಕೋಡ್‌ಗೆ ಒಂದು ಸಲ ಸ್ಕ್ಯಾನ್ ಹೊಡೆದರೆ ಇದೂ ಮುಗಿಯುತ್ತದೆ. ಮೂರನೆಯ ಬಗೆ, ಅಂದರೆ ಅರ್ಧ ಆದದ್ದು, ಇಷ್ಟು ಸಲೀಸಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಅಂಗಡಿಯ ಆರ್ಡರ್, ಹನ್ನೆರಡು ಲೈನ್. ಒಂಬತ್ತೂ ನಲವತ್ತರ ಹೊತ್ತಿಗೆ ಎಂಟು ಲೈನ್ ಟೋಟ್‌ಗೆ ಬಿದ್ದಿದೆ, ಅದರಲ್ಲಿ ಬಿಸ್ಕತ್ತಿನ ಆರು ಬಾಕ್ಸ್‌ಗಳೂ ಇವೆ. ಬಿಸ್ಕತ್ತಿನ ಬಿನ್‌ನಲ್ಲಿ ಮೊದಲು 40 ಬಾಕ್ಸ್ ಇತ್ತು, ಈಗ 34 ಇದೆ. ಒಂಬತ್ತನೆಯ ಲೈನ್ ಅಡುಗೆ ಎಣ್ಣೆ, 15 ಬಾಟಲಿ ಬೇಕು. ಪರದೆ 18 ಇದೆ ಎನ್ನುತ್ತದೆ, ಬಿನ್‌ನಲ್ಲಿ ಎಣಿಸಿದರೆ 11. ಹುಡುಗ ಅಲ್ಲಿಗೆ ನಿಂತ. ಬಸ್ಸಿಗೆ ಹೊತ್ತಾಯಿತು.

ಅವನ ಮುಂದಿರುವ ಸುಲಭದ ದಾರಿ ಎರಡು, ಎರಡೂ ಕೆಟ್ಟವು. ಟಾಸ್ಕ್ ರದ್ದು ಮಾಡಿದ ಎಂದಿಟ್ಟುಕೊಳ್ಳಿ. ಬಹಳಷ್ಟು ಸಿಸ್ಟಮ್‌ಗಳು ಆಗ ಹನ್ನೆರಡೂ ಲೈನಿನ ಸಾಮಾನು ರ‍್ಯಾಕ್‌ನಲ್ಲೇ ಇದೆ ಎಂದುಕೊಳ್ಳುತ್ತವೆ. ಬಿಸ್ಕತ್ತಿನ ಲೆಕ್ಕ ಮತ್ತೆ 40 ಆಗುತ್ತದೆ. ರಾತ್ರಿ ಶಿಫ್ಟಿನವನಿಗೆ ಅದೇ ಆರ್ಡರ್ ಹೊಸದಾಗಿ ಬರುತ್ತದೆ, ಅವನು ಆರು ಬಾಕ್ಸ್ ತೆಗೆಯುತ್ತಾನೆ. ಈಗ ಪರದೆಯಲ್ಲಿ 34, ಬಿನ್‌ನಲ್ಲಿ 28. ಟ್ರಾಲಿಯಲ್ಲಿ ಉಳಿದ ಆರು ಬಾಕ್ಸ್ ಯಾರ ಲೆಕ್ಕದಲ್ಲೂ ಇಲ್ಲ. ಬೆಳಿಗ್ಗೆ ಟ್ರಾಲಿ ಬೇಕಾದವರು ಅದನ್ನು ಹತ್ತಿರದ ಯಾವುದೋ ರ‍್ಯಾಕ್‌ಗೆ ತುರುಕುತ್ತಾರೆ. ಕೆಲವು ದಿನ ಕಳೆದು ಬಿನ್ ಖಾಲಿಯಾದಾಗಲೂ ಪರದೆ ಆರು ಇದೆ ಎನ್ನುತ್ತಿರುತ್ತದೆ, ಯಾವನೋ ಪಿಕ್ಕರ್ ಖಾಲಿ ಬಿನ್ ಮುಂದೆ ಬಂದು ನಿಲ್ಲುತ್ತಾನೆ.

ಇನ್ನೊಂದು ದಾರಿ, ‘ಮುಗಿಯಿತು’ ಎಂದು ಒತ್ತಿಬಿಡುವುದು. ಆಗ ಮಿಕ್ಕ ನಾಲ್ಕು ಲೈನೂ ‘ಮಾಲಿಲ್ಲ’ ಎಂದು ದಾಖಲಾಗುತ್ತದೆ. ಮೂರು ಲೈನಿನ ಸಾಮಾನು ರ‍್ಯಾಕ್‌ನಲ್ಲಿ ಧಂಡಿಯಾಗಿ ಕೂತಿದ್ದರೂ ಗಾಡಿ ಅದಿಲ್ಲದೆ ಹೊರಡುತ್ತದೆ.

ಸರಿಯಾದ ಕ್ರಮಕ್ಕೆ ಒಂದೆರಡು ನಿಮಿಷ ಹೆಚ್ಚು ಬೇಕು, ಅಷ್ಟೇ. ತೆಗೆದ ಎಂಟು ಲೈನನ್ನು ಖಚಿತಪಡಿಸಿ, ಟೋಟ್ ಅನ್ನು ಅರ್ಧ ಆದದ್ದಕ್ಕೆಂದೇ ಇಟ್ಟಿರುವ ಜಾಗಕ್ಕೆ ಒಯ್ದು, ಆ ಜಾಗದ ಬಾರ್‌ಕೋಡ್ ಸ್ಕ್ಯಾನ್ ಮಾಡಬೇಕು. ಜಾಗದ ಹೆಸರು `HOLD-03` ಎಂದಿರಲಿ. ಈಗ ಬಿಸ್ಕತ್ತು ಬಿನ್‌ನಲ್ಲಿ 34, ಹೋಲ್ಡ್ ಜಾಗದಲ್ಲಿ 6 ಎಂದು ಪರದೆಯೂ ಹೇಳುತ್ತದೆ, ನೆಲವೂ ಹೇಳುತ್ತದೆ. ಮಿಕ್ಕ ನಾಲ್ಕು ಲೈನನ್ನು ಮಾತ್ರ ಸರದಿಗೆ ಬಿಡಬೇಕು. ಮುಂದಿನವನು ಅದೇ ಟೋಟ್ ಸ್ಕ್ಯಾನ್ ಮಾಡಿ ಅಲ್ಲಿಂದ ಮುಂದುವರಿಸುತ್ತಾನೆ. ಎಣ್ಣೆಯ ಬಿನ್‌ಗೆ ಪ್ರತ್ಯೇಕವಾಗಿ ಎಣಿಕೆಯ ಟಾಸ್ಕ್ ಹಾಕಬೇಕು. ಕಾರಣದ ಪಟ್ಟಿಯಲ್ಲಿ ‘ಇತರೆ’ ಎಂದು ಆರಿಸಿದರೆ ಏಳು ಬಾಟಲಿ ಎಲ್ಲಿ ಹೋಯಿತು ಎಂದು ಹುಡುಕಲು ಯಾರಿಗೂ ಸುಳಿವು ಸಿಗುವುದಿಲ್ಲ.

ಹೀಗೆ ನಡುವೆ ನಿಲ್ಲಿಸುವ ಸೌಲಭ್ಯ ಎಲ್ಲ ಸಾಫ್ಟ್‌ವೇರ್‌ನಲ್ಲೂ ಇರುವುದಿಲ್ಲ. ಇಲ್ಲದ ಕಡೆ ಟ್ರಾಲಿಯನ್ನು ಕೈಯಿಂದ ಕೈಗೆ ಕೊಟ್ಟು, ಇನ್‌ಚಾರ್ಜ್ ತನ್ನ ಕಂಪ್ಯೂಟರ್‌ನಲ್ಲಿ ಟಾಸ್ಕ್‌ನ ಹೆಸರು ಬದಲಿಸಬೇಕಾಗುತ್ತದೆ. ಅಂಥಲ್ಲಿ ಎರಡು ಶಿಫ್ಟಿನವರೂ ಹತ್ತು ನಿಮಿಷ ಒಟ್ಟಿಗೆ ಇರದಿದ್ದರೆ ಚೆಕ್‌ಲಿಸ್ಟ್ ಗೋಡೆಯ ಮೇಲಿನ ಕಾಗದವಾಗಿಯೇ ಉಳಿಯುತ್ತದೆ. ಆ ಹತ್ತು ನಿಮಿಷಕ್ಕೆ ಸಂಬಳ ಇರಬೇಕು ಎಂಬುದನ್ನು ಬೇರೆ ಹೇಳಬೇಕೆ? ಬಿಟ್ಟಿ ಸಮಯದಲ್ಲಿ ಮಾಡಿಸಿದರೆ ಜನ ಬಸ್ಸನ್ನೇ ಆರಿಸಿಕೊಳ್ಳುತ್ತಾರೆ, ನಾನಾದರೂ ಅದನ್ನೇ ಮಾಡುತ್ತಿದ್ದೆ.

ಉಳಿದದ್ದನ್ನು ಯಾರ ಹೆಸರಿಗೆ ಹಾಕಬೇಕು? ಸರದಿಗೆ ಬಿಡುವುದೇ ವಾಸಿ. ನಿರ್ದಿಷ್ಟ ಹೆಸರಿಗೇ ಹಾಕುವುದಾದರೆ ಆ ವ್ಯಕ್ತಿ ಅಂದು ಬಂದಿದ್ದಾನೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು. ವಾರದ ರಜೆಯಲ್ಲಿರುವವನ ಹೆಸರಿಗೆ ಹೋದ ಟಾಸ್ಕ್ ಸಿಸ್ಟಮ್‌ಗೆ ‘ಯಾರೋ ನೋಡಿಕೊಳ್ಳುತ್ತಿದ್ದಾರೆ’ ಎಂದೇ ಕಾಣುತ್ತದೆ. ಅದು ಬೇರೆಯವರ ಸ್ಕ್ಯಾನರ್‌ಗೆ ಬರುವುದೂ ಇಲ್ಲ, ಎಚ್ಚರಿಕೆ ಕೊಡುವುದೂ ಇಲ್ಲ.

ಜೊತೆಗೊಂದು ಟಿಪ್ಪಣಿ ಬೇಕು. ‘ಪೆಂಡಿಂಗ್ ಇದೆ, ನೋಡಿಕೊಳ್ಳಿ’ ಎಂದು ಬರೆದು ಹೋಗುವವರೇ ಹೆಚ್ಚು. ಓದಿದವನು ಏನನ್ನು ನೋಡಬೇಕು, ಎಲ್ಲಿ ನೋಡಬೇಕು? ನಮ್ಮ ಆರ್ಡರ್‌ಗೆ ಬರೆಯಬೇಕಾದದ್ದು ಹೀಗೆ: ‘ಟೋಟ್ 118 ಹೋಲ್ಡ್ 3ರಲ್ಲಿದೆ. 12ರಲ್ಲಿ 8 ಲೈನ್ ಆಗಿದೆ. ಎಣ್ಣೆ 18 ತೋರಿಸ್ತಿದೆ, ಇರೋದು 11, ಕೌಂಟ್ ಹಾಕಿದ್ದೀನಿ. ಗಾಡಿ 11.30ಕ್ಕೆ ಡಾಕ್ 4ರಿಂದ.’ ಕೊನೆಯ ವಾಕ್ಯವನ್ನೇ ಜನ ಮರೆಯುವುದು. ಗಾಡಿಯ ಹೊತ್ತು ಗೊತ್ತಿದ್ದರೆ ರಾತ್ರಿಯವನು ಇದನ್ನು ಮೊದಲು ಎತ್ತುತ್ತಾನೆ, ಇಲ್ಲದಿದ್ದರೆ ಹತ್ತರಲ್ಲಿ ಹನ್ನೊಂದನೆಯದು.

ಗೋದಾಮಿನಲ್ಲಿ ತಪ್ಪಿದರೆ ಬಿಸ್ಕತ್ತು ಕಳೆಯುತ್ತದೆ, ಇನ್ನು ಕೆಲವು ಕಡೆ ಜೀವವೇ ಹೋಗುತ್ತದೆ. ಉತ್ತರ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ಎಂಬ ತೈಲಸ್ಥಾವರದಲ್ಲಿ 1988ರ ಜುಲೈ 6ರಂದು ಹಗಲು ಪಾಳಿಯವರು ಒಂದು ಪಂಪ್‌ಗೆ ಸೇರಿದ ಸುರಕ್ಷತಾ ವಾಲ್ವ್ ಬಿಚ್ಚಿದ್ದರು. ಸಂಜೆಯೊಳಗೆ ಮರುಜೋಡಣೆ ಆಗಲಿಲ್ಲ. ಕೊಳವೆಯ ಬಾಯಿಗೆ ಲೋಹದ ಮುಚ್ಚಳ ಹಾಕಿ, ಆ ಕೆಲಸದ ಪರವಾನಗಿ ಚೀಟಿಯನ್ನು ತಡೆಹಿಡಿದು ಹೋದರು. ರಾತ್ರಿ ಇನ್ನೊಂದು ಪಂಪ್ ನಿಂತುಹೋದಾಗ ಪಾಳಿಯವರು ಮೊದಲ ಪಂಪನ್ನು ಚಾಲೂ ಮಾಡಲು ಹೊರಟರು. ಆ ಪಂಪಿನ ದುರಸ್ತಿಯ ಚೀಟಿ ಅವರಿಗೆ ಗೊತ್ತಿತ್ತು, ವಾಲ್ವ್ ಬಿಚ್ಚಿದ ಚೀಟಿ ಗೊತ್ತಿರಲಿಲ್ಲ. ಅನಿಲ ಸೋರಿ ಸ್ಫೋಟವಾಯಿತು, 167 ಜನ ಸತ್ತರು. ಲಾರ್ಡ್ ಕಲನ್ ಅವರ ವಿಚಾರಣಾ ವರದಿ ಪಾಳಿ ಬದಲಾವಣೆಯ ಈ ಲೋಪವನ್ನು ಬಿಡಿಸಿ ಹೇಳಿದೆ. ಅರ್ಧಕ್ಕೆ ನಿಂತ ಕೆಲಸದ ಕಾಗದ ಇತ್ತು, ಅದು ಬೇಕಾದವರ ಕಣ್ಣಿಗೆ ಬೀಳಲಿಲ್ಲ.

ಗೋದಾಮಿಗೆ ಮರಳಿದರೆ, ಉಳಿದದ್ದು ಲಾಗ್‌ಔಟ್. ಸ್ಕ್ಯಾನರನ್ನು ಚಾರ್ಜಿಂಗ್ ಸ್ಟ್ಯಾಂಡ್‌ಗೆ ಸಿಕ್ಕಿಸಿದರೆ ಲಾಗ್‌ಔಟ್ ಆದಂತೆ ಎಂದು ತುಂಬಾ ಜನ ತಿಳಿದಿರುತ್ತಾರೆ. ಹಾಗಾಗುವುದಿಲ್ಲ. ರಾತ್ರಿಯವನು ಅದೇ ಸ್ಕ್ಯಾನರ್ ಎತ್ತಿಕೊಂಡರೆ ಅವನು ಮಾಡಿದ ಕೆಲಸವೂ ತಪ್ಪೂ ಮನೆಯಲ್ಲಿ ಮಲಗಿರುವವನ ಹೆಸರಿಗೆ ಬೀಳುತ್ತದೆ. ಅದಕ್ಕೂ ಮೊದಲು ನೋಡಬೇಕಾದದ್ದು ಇನ್ನೊಂದಿದೆ. ಎತ್ತರದ ರ‍್ಯಾಕ್‌ಗಳ ನಡುವೆ ವೈಫೈ ಕೈಕೊಡುವ ಜಾಗಗಳಿರುತ್ತವೆ. ಅಲ್ಲಿ ಮಾಡಿದ ಸ್ಕ್ಯಾನ್‌ಗಳನ್ನು ಕೆಲವು ಆ್ಯಪ್‌ಗಳು ಸಾಧನದಲ್ಲೇ ಇಟ್ಟುಕೊಂಡು, ಸಿಗ್ನಲ್ ಬಂದಾಗ ಕಳಿಸುತ್ತವೆ. ಕಳಿಸುವ ಮುನ್ನ ಬ್ಯಾಟರಿ ಮುಗಿದರೆ ಇನ್‌ಚಾರ್ಜ್‌ಗೆ ಅದೇ ಟಾಸ್ಕ್ ‘ಅರ್ಧ ಆದದ್ದು’ ಎಂದು ಕಾಣುತ್ತದೆ, ಹುಡುಗ ‘ಮುಗಿಸಿದ್ದೀನಣ್ಣ’ ಎಂದು ಆಣೆ ಮಾಡುತ್ತಾನೆ, ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಹಾಗಾಗಿ ಕಳಿಸಲು ಬಾಕಿ ಸೊನ್ನೆ ಎಂದು ನೋಡಿದ ಮೇಲೆಯೇ ಲಾಗ್‌ಔಟ್ ಮಾಡಬೇಕು.

ಕೊನೆಗೆ ಇನ್‌ಚಾರ್ಜ್ ಪರದೆಯಲ್ಲಿ ತನ್ನ ಶಿಫ್ಟಿನ ತೆರೆದ ಟಾಸ್ಕ್ ‘0’ ಎಂದು ಕಾಣುತ್ತದೆ. ಈ ಸೊನ್ನೆಯನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಮ್ಯಾನೇಜರ್ ದಿನಾ ಬೆಳಿಗ್ಗೆ ಈ ಒಂದು ಅಂಕಿಯನ್ನೇ ಕೇಳುವ ಕಡೆ, ಅದನ್ನು ಸೊನ್ನೆ ಮಾಡುವ ಕಲೆ ಎಲ್ಲರಿಗೂ ಬಂದಿರುತ್ತದೆ. ಗುರುತಿಸುವುದು ಕಷ್ಟವಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಮುಚ್ಚಿದ ಟಾಸ್ಕ್‌ಗಳನ್ನು ತೆಗೆದು ನೋಡಿ. ಹದಿನೈದು ನಿಮಿಷದ ಕೆಲಸ ಇಪ್ಪತ್ತು ಸೆಕೆಂಡಿನಲ್ಲಿ ಮುಗಿದಿದ್ದರೆ, ಸಾಲಾಗಿ ‘ಮಾಲಿಲ್ಲ’ ಎಂಬ ಒಂದೇ ಕಾರಣ ಇದ್ದರೆ, ಅಥವಾ ಎಲ್ಲರ ಬಾಕಿಯೂ ಇನ್‌ಚಾರ್ಜ್‌ನ ಒಂದೇ ಹೆಸರಿಗೆ ಗುಡ್ಡೆ ಬಿದ್ದಿದ್ದರೆ, ಅಲ್ಲಿ ಕೆಲಸ ಮುಗಿದಿಲ್ಲ, ಪಟ್ಟಿ ಮಾತ್ರ ಖಾಲಿಯಾಗಿದೆ. ಮ್ಯಾನೇಜರ್ ಕೇಳಬೇಕಾದ ಪ್ರಶ್ನೆ ಬೇರೆ: ಹೋಲ್ಡ್ ಜಾಗದಲ್ಲಿ ಎಷ್ಟು ಟೋಟ್ ಇದೆ, ಪರದೆಯಲ್ಲಿ ಎಷ್ಟಿದೆ? ಪರದೆ ಮೂರು ಎಂದು, ನೆಲದ ಮೇಲೂ ಮೂರೇ ಸಿಕ್ಕರೆ ಆ ಶಿಫ್ಟ್‌ನವರು ಮನೆಗೆ ಹೋಗಬಹುದು. ನಾಲ್ಕನೆಯದೊಂದು ಸಿಕ್ಕರೆ, ಅದನ್ನು ತಂದಿಟ್ಟವನು ಬಸ್ಸು ಹತ್ತುವ ಮೊದಲೇ ಕೇಳಿಬಿಡಬೇಕು.