ಹಬ್ಬದ ದಿನ ಅಂಗಡಿ ಬಾಗಿಲು ಎಷ್ಟೊತ್ತಿಗೆ?

ಮಂಡ್ಯ ಸೀಮೆಯ ಒಂದು ಸಣ್ಣ ಪೇಟೆಯಲ್ಲಿ ನಮ್ಮ ಚಿಕ್ಕಪ್ಪನದು ಚಿನ್ನ-ಬೆಳ್ಳಿ ಅಂಗಡಿ. ಎರಡು ಗಾಜಿನ ಪೆಟ್ಟಿಗೆ, ಒಂದು ತಕ್ಕಡಿ, ಕೈಕೆಲಸಕ್ಕೆ ಒಬ್ಬ ಹುಡುಗ. ಹೋದ ಸಂಕ್ರಾಂತಿಗೆ ಅವರು ಗಿರಾಕಿಗಳ ಮೊಬೈಲಿಗೆಲ್ಲ ಒಂದು ಚಿತ್ರ ಕಳಿಸಿದ್ದರು. ಉಕ್ಕುವ ಮಡಕೆ, ಹಿಂದೆ ಸೂರ್ಯ, ಕೆಳಗೆ ದಪ್ಪಕ್ಷರದಲ್ಲಿ ‘ಸಂಕ್ರಾಂತಿಯ ಹಾರ್ದಿಕ ಶುಭಾಶಯಗಳು. ಮಜೂರಿ ಮೇಲೆ ಭಾರಿ ರಿಯಾಯಿತಿ. ಇಂದೇ ಭೇಟಿ ಕೊಡಿ.’

ಅದರಿಂದ ಮೂರು ತಕರಾರು ಬಂದವು. ಹಬ್ಬದ ಮಧ್ಯಾಹ್ನ ಹಳ್ಳಿಯಿಂದ ಬಸ್ಸು ಹಿಡಿದು ಬಂದ ಹೆಂಗಸೊಬ್ಬರು ಮುಚ್ಚಿದ ಬಾಗಿಲು ನೋಡಿಕೊಂಡು ವಾಪಸು ಹೋದರು. ಇನ್ನೊಬ್ಬರು ಬಿಲ್ಲು ನೋಡಿ, ‘ಭಾರಿ ಅಂದ್ರೆ ಇಷ್ಟೇನಾ ಶೆಟ್ರೇ?’ ಎಂದು ಮುಖ ಸಣ್ಣದು ಮಾಡಿಕೊಂಡರು. ಮೂರನೆಯವರು ಬಂದದ್ದು ಶಿವರಾತ್ರಿ ಹತ್ತಿರ, ಅದೇ ಚಿತ್ರ ಹಿಡಿದುಕೊಂಡು. ‘ಇಂದೇ’ ಅಂತಿತ್ತಲ್ಲ, ಯಾವ ಇಂದು ಅಂತ ಬರೆದಿರಲಿಲ್ಲ.

ಈ ಸಲ ಬರೆಯುವ ಕೆಲಸ ನನ್ನ ತಲೆಗೆ ಬಂತು. ನಾಲ್ಕು ಸಾಲಿನ ಶುಭಾಶಯ ತಾನೇ ಅಂದುಕೊಂಡು ಕೂತವನಿಗೆ ಎರಡು ಸಂಜೆ ಹಿಡಿಯಿತು. ಹಬ್ಬ, ಹೊತ್ತು, ಕಡಿತ ಎಂಬ ಮೂರು ಮಾತಿನ ಹಿಂದೆಯೂ ಲೆಕ್ಕವಿತ್ತು.

ಮೊದಲಿಗೆ ಹಬ್ಬ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಮದುವೆ ಮುಹೂರ್ತ ಇಡುವುದಿಲ್ಲವಾದ್ದರಿಂದ ಚಿನ್ನದಂಗಡಿಗೆ ಅದು ಸಪ್ಪೆ ತಿಂಗಳು. ಸಂಕ್ರಾಂತಿ ಕಳೆದ ಮೇಲೆ ಮದುವೆ ಮಾತು, ತಾಳಿ ಮಾಡಿಸುವುದು, ಹಳೇ ಸರ ಮುರಿಸುವುದು ಎಲ್ಲ ಶುರು. ಹಾಗಾಗಿ ಹಬ್ಬಕ್ಕೆ ಬರುವ ಗಿರಾಕಿ ಬೇರೆ, ಹಬ್ಬ ಮುಗಿದ ಮೇಲೆ ಬರುವ ಗಿರಾಕಿ ಬೇರೆ. ಹಬ್ಬದ ಹಿಂದಿನ ದಿನಗಳಲ್ಲಿ ಜನ ಕೇಳುವುದು ಹೆಚ್ಚಾಗಿ ಬೆಳ್ಳಿ. ಎಳಚಿಹಣ್ಣು ಎರೆದು ಆರತಿ ಮಾಡುವ ಮಗುವಿಗೆ ಕಾಲ್ಗೆಜ್ಜೆ, ಎಳ್ಳು ಬೀರಲು ಹೊರಡುವ ತಟ್ಟೆಯಲ್ಲಿಡಲು ಕುಂಕುಮದ ಭರಣಿ. ಹೊಸದಾಗಿ ಮದುವೆಯಾದ ಹೆಣ್ಣುಮಗಳು ಐದು ವರ್ಷ ಬಾಳೆಹಣ್ಣಿನ ಲೆಕ್ಕ ಏರಿಸುತ್ತಾ ಮುತ್ತೈದೆಯರಿಗೆ ಬೀರುವ ಮನೆಗಳಲ್ಲಿ ಒಂದೆರಡು ಬೆಳ್ಳಿ ಬಟ್ಟಲಿಗೂ ಬೇಡಿಕೆ. ಓಲೆ, ಸರ ನೋಡುವವರು ಆಮೇಲೆ ಬರುತ್ತಾರೆ. ಶುಭಾಶಯ ಇಬ್ಬರಿಗೂ ತಲುಪಬೇಕು.

ಉಕ್ಕುವ ಮಡಕೆಯ ಚಿತ್ರವನ್ನು ಮೊದಲು ತೆಗೆದೆ. ಅದು ತಮಿಳರ ಪೊಂಗಲ್ಲಿನ ಗುರುತು. ನಮ್ಮ ಕಡೆ ಹಬ್ಬ ಎಂದರೆ ಕೊಬ್ಬರಿ, ಬೆಲ್ಲ, ಕಡಲೆಬೀಜ, ಹುರಿಗಡಲೆ ಕೂಡಿದ ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ಜಲ್ಲೆ, ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದು. ಇದೇ ಅಂಗಡಿ ಬೆಳಗಾವಿ ಕಡೆ ಇದ್ದಿದ್ದರೆ ಕುಸುರೆಳ್ಳು ಬರೆಯುತ್ತಿದ್ದೆ. ಅಂತೂ ಅಂಗಡಿಯ ತಟ್ಟೆಯಲ್ಲೇ ಎಳ್ಳು ಬೆಲ್ಲ, ಎರಡು ಸಕ್ಕರೆ ಅಚ್ಚು, ಪಕ್ಕಕ್ಕೊಂದು ಬೆಳ್ಳಿ ಭರಣಿ ಇಟ್ಟು ಹುಡುಗ ಫೋಟೊ ತೆಗೆದ. ಅದೇ ಸಾಕಾಯಿತು.

ಎರಡನೆಯದು ಹೊತ್ತು. ಹೋದ ವರ್ಷದ ಪೆಟ್ಟು ಬಿದ್ದದ್ದು ಇಲ್ಲೇ. ಸಂಕ್ರಾಂತಿ ಕೆಲವು ವರ್ಷ 14ಕ್ಕೆ ಬರುತ್ತದೆ, ಕೆಲವು ವರ್ಷ 15ಕ್ಕೆ. ಒಂದೇ ಬೀದಿಯ ಎರಡು ಮನೆಯ ಕ್ಯಾಲೆಂಡರಿನಲ್ಲಿ ಎರಡು ತಾರೀಕು ಇರುವುದೂ ಉಂಟು. ‘ಹಬ್ಬದ ದಿನ’ ಎಂದಷ್ಟೇ ಬರೆದರೆ ಓದಿದವರು ತಮ್ಮ ಮನೆಯ ಕ್ಯಾಲೆಂಡರ್ ನೋಡಿಕೊಂಡು ಬರುತ್ತಾರೆ. ಅದಕ್ಕೇ ತಾರೀಕು, ವಾರ ಎರಡನ್ನೂ ಬರೆಯಬೇಕು.

ಹಬ್ಬ ಜನವರಿ 15, ಗುರುವಾರ ಎಂದಿಟ್ಟುಕೊಂಡು ಚಿಕ್ಕಪ್ಪ ಹೊತ್ತು ಗೊತ್ತು ಮಾಡಿದ್ದು ಹೀಗೆ. ಬೆಳಿಗ್ಗೆ ಮನೆಯಲ್ಲಿ ಪೂಜೆ, ಅಂಗಡಿಯಲ್ಲೂ ಪೂಜೆ. ಒಂಬತ್ತಕ್ಕೆ ಮೊದಲು ಯಾರೂ ಬರುವುದಿಲ್ಲ. ಸಂಜೆ ನಾಲ್ಕರ ಮೇಲೆ ಹೆಂಗಸರು, ಮಕ್ಕಳು ಹೊಸ ಬಟ್ಟೆ ಉಟ್ಟು ಎಳ್ಳು ಬೀರಲು ಮನೆಮನೆಗೆ ಹೊರಟುಬಿಡುತ್ತಾರೆ, ಗಂಡಸರು ಕಿಚ್ಚು ಹಾಯಿಸುವ ಕಡೆಗೆ. ಆಗ ಅಂಗಡಿ ತೆರೆದಿಟ್ಟರೆ ದೀಪದ ಖರ್ಚು ಮಾತ್ರ, ಕೆಲಸದ ಹುಡುಗನಿಗೂ ಹಬ್ಬ ತಪ್ಪುತ್ತದೆ. ಉಳಿದದ್ದು ಬೆಳಗಿನ ಹೊತ್ತು. ಅದರಲ್ಲೂ ಗುರುವಾರದ ರಾಹುಕಾಲ ಸಾಮಾನ್ಯ ಲೆಕ್ಕದಲ್ಲಿ ಮಧ್ಯಾಹ್ನ 1.30ರಿಂದ 3. ಆ ಹೊತ್ತಿನಲ್ಲಿ ಚಿನ್ನ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ನಂಬಿಕೆ ಚಿಕ್ಕಪ್ಪನಿಗೆ ಇರಲಿ ಬಿಡಲಿ, ಗಿರಾಕಿಗೆ ಇದೆಯಲ್ಲ. ಆದ್ದರಿಂದ ಒಂಬತ್ತರಿಂದ ಒಂದು ಗಂಟೆ.

ಹಬ್ಬದ ದಿನ ಕಳೆದುಕೊಂಡ ಹೊತ್ತನ್ನು ಹಿಂದಿನ ಎರಡು ದಿನಕ್ಕೆ ಸೇರಿಸಿದೆವು. ಗೆಜ್ಜೆ, ಭರಣಿ ಬೇಕಾದವರಿಗೆ ಅವು ಹಬ್ಬಕ್ಕೆ ಮೊದಲೇ ಮನೆಯಲ್ಲಿರಬೇಕು. ದಿನವೂ ಎಂಟಕ್ಕೆ ಮುಚ್ಚುವ ಅಂಗಡಿ 13, 14ರಂದು ರಾತ್ರಿ ಒಂಬತ್ತರವರೆಗೆ. ಶುಭಾಶಯವನ್ನು 10ನೇ ತಾರೀಕೇ ಕಳಿಸುವುದು, 14ರ ಸಂಜೆ ಹೊತ್ತಿನ ಸಾಲನ್ನಷ್ಟೇ ಮತ್ತೊಮ್ಮೆ ನೆನಪಿಸುವುದು ಎಂದಾಯಿತು. ಹಬ್ಬದ ಬೆಳಿಗ್ಗೆ ಬರುವ ನೂರು ಶುಭಾಶಯಗಳ ನಡುವೆ ಅಂಗಡಿಯ ಹೊತ್ತನ್ನು ಯಾರೂ ಹುಡುಕುವುದಿಲ್ಲ.

ಮೂರನೆಯದು ಕಡಿತ. ನಾವು ಹೆಚ್ಚು ಹೊತ್ತು ಕಳೆದದ್ದು ಇದರ ಮೇಲೆ.

ಚಿನ್ನದ ದರ ಅಂಗಡಿಯವನ ಕೈಯಲ್ಲಿಲ್ಲ. ಪತ್ರಿಕೆಯ ಚಿನಿವಾರ ಪೇಟೆ ನೋಡಿದವರಿಗೆಲ್ಲ ಅದು ಗೊತ್ತು. ಅವನ ಕೈಯಲ್ಲಿರುವುದು ಮಜೂರಿ ಒಂದೇ. ಅಕ್ಕಸಾಲಿಗನ ಕೂಲಿ, ಕೆಲಸದಲ್ಲಿ ಸವೆಯುವ ಚಿನ್ನದ ತೇಮಾನು, ಅಂಗಡಿಯ ಬಾಡಿಗೆ, ಲಾಭ ಎಲ್ಲ ಅದರೊಳಗೇ. ರಿಯಾಯಿತಿ ಎಂದರೆ ಮಜೂರಿಯಲ್ಲಿ ರಿಯಾಯಿತಿ. ಇದನ್ನು ಬಿಡಿಸಿ ಹೇಳದಿದ್ದರೆ ಜಗಳ ಖಂಡಿತ.

ಲೆಕ್ಕಕ್ಕೆ ಸುಲಭವಾಗಲೆಂದು ಗ್ರಾಂಗೆ 10,000 ರೂಪಾಯಿ ದರ ಹಿಡಿಯೋಣ. ನಾಲ್ಕು ಗ್ರಾಂ ಓಲೆಯ ಚಿನ್ನಕ್ಕೆ 40,000. ಮಜೂರಿ ನೂರಕ್ಕೆ ಹನ್ನೆರಡರಂತೆ 4,800. ಒಟ್ಟು 44,800, ಅದರ ಮೇಲೆ ಶೇ 3 ಜಿಎಸ್‌ಟಿ ಸೇರಿದರೆ 46,144. ಈಗ ‘ಮಜೂರಿಯಲ್ಲಿ ಶೇ 20 ರಿಯಾಯಿತಿ’ ಎಂದು ಬರೆದರೆ ಕಡಿಮೆಯಾಗುವುದು 960 ರೂಪಾಯಿ. ಆದರೆ ಓದುವ ಕಣ್ಣಿಗೆ ಬೀಳುವುದು ‘ಶೇ 20’ ಮಾತ್ರ. ಒಟ್ಟು ಬೆಲೆಯ ಮೇಲೆ ಲೆಕ್ಕ ಹಾಕಿಕೊಂಡವರು ಒಂಬತ್ತು ಸಾವಿರದ ಆಸೆ ಇಟ್ಟುಕೊಂಡು ಬರುತ್ತಾರೆ. ಹೋದ ವರ್ಷ ಮುಖ ಸಣ್ಣದು ಮಾಡಿಕೊಂಡವರ ಕಥೆ ಇದೇ.

‘ಹಂಗಾದ್ರೆ ಗ್ರಾಂ ಲೆಕ್ಕದಲ್ಲಿ ರೂಪಾಯಿನೇ ಹಾಕ್ಬಿಡು’ ಎಂದರು ಚಿಕ್ಕಪ್ಪ. ಗ್ರಾಂಗೆ 200 ರೂಪಾಯಿ. ನಾಲ್ಕು ಗ್ರಾಂ ಓಲೆಗೆ 800. ಮಜೂರಿ 4,000 ಆಗುತ್ತದೆ, ತೆರಿಗೆ ಸೇರಿ ಬಿಲ್ಲು 45,320. ಗಿರಾಕಿಗೆ ಉಳಿಯುವುದು 824 ರೂಪಾಯಿ, ಅಂದರೆ ನೂರಕ್ಕೆ ಎರಡು ರೂಪಾಯಿಗಿಂತ ಕಡಿಮೆ. ದೊಡ್ಡದಲ್ಲ ನಿಜ. ಆದರೆ ಮನೆಯಲ್ಲೇ ಕೂತು ಲೆಕ್ಕ ಹಾಕಿಕೊಂಡು ಬಂದದ್ದು ಬಿಲ್ಲಿಗೆ ಸರಿಹೋಗುತ್ತದೆ. ಇದಕ್ಕಿಂತ ಹೆಚ್ಚು ಕೊಟ್ಟರೆ ಅಕ್ಕಸಾಲಿಗನ ಕೂಲಿಗೇ ಕೈ ಹಾಕಬೇಕಾಗುತ್ತಿತ್ತು.

ಓದುಗರಿಗೆ ಇಲ್ಲೊಂದು ಮಾತು. ‘ಮಜೂರಿಯೇ ಇಲ್ಲ’ ಎನ್ನುವ ಜಾಹೀರಾತು ಕಂಡರೆ, ತೆರಿಗೆಗೆ ಮುಂಚಿನ ಮೊತ್ತವನ್ನು ಓಲೆಯ ತೂಕದಿಂದ ಭಾಗಿಸಿ ಆ ದಿನದ 22 ಕ್ಯಾರಟ್ ದರದ ಪಕ್ಕದಲ್ಲಿಟ್ಟು ನೋಡಿ. ವ್ಯತ್ಯಾಸ ಕಂಡರೆ ಮಜೂರಿ ಬೇರೆ ಹೆಸರಿನಲ್ಲಿ ಒಳಗೆ ಕೂತಿದೆ. ಹರಳಿದ್ದರೆ ಅದರ ತೂಕವನ್ನು ಚಿನ್ನದ ತೂಕದಿಂದ ಕಳೆದಿದ್ದಾರೆಯೇ ಎಂದೂ ಕೇಳಿ. ಹಾಲ್‌ಮಾರ್ಕಿನಲ್ಲಿ ಬಿಐಎಸ್ ಗುರುತು, 22ಕೆ916 ಎಂಬ ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಮೂರೂ ಇರಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಎಂದರೆ ಈ ಸಂಖ್ಯೆ ಇರಲೇಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹೊಡೆದು ನೋಡಿದರೆ ಒಡವೆಯ ವಿವರ ಸಿಗುತ್ತದೆ. ಎರಡು ಗ್ರಾಂಗಿಂತ ಕಡಿಮೆ ತೂಕದ ಮೂಗುಬಟ್ಟಿನಂಥವಕ್ಕೆ ಈ ಕಡ್ಡಾಯವಿಲ್ಲ.

ಇಷ್ಟಾದ ಮೇಲೂ ಚಿಕ್ಕಪ್ಪನಿಗೆ ಸಮಾಧಾನವಿರಲಿಲ್ಲ. ‘ಬೆಳೆ ಕೈಕೊಟ್ಟೋರು ಒಡವೆನ ಗಿರವಿ ಇಟ್ಟವ್ರೆ ಕಣಪ್ಪ. ಅವ್ರಿಗೂ ಇದೇ ಮೆಸೇಜ್ ಹೋಯ್ತದೆ. ಚಿನ್ನ ತಗಳಿ ತಗಳಿ ಅಂದ್ರೆ ಏನನ್ಕತಾರೆ?’ ಎಂದರು. ಹಾಗಾಗಿ ಕೊಳ್ಳದವರೂ ಬರಬಹುದಾದ ಒಂದು ಸಾಲು ಸೇರಿತು. ಮನೆಯ ಓಲೆ, ಕಾಲ್ಗೆಜ್ಜೆ ತಂದರೆ ದುಡ್ಡಿಲ್ಲದೆ ತೊಳೆದುಕೊಡುವುದು, ಸಡಿಲವಾದ ತಿರುಪು ಬಿಗಿ ಮಾಡುವುದು. ಗಾಳಿಯಲ್ಲಿರುವ ಗಂಧಕದ ಅಂಶ ತಗಲಿ ಬೆಳ್ಳಿ ಕಪ್ಪಾಗುತ್ತದೆ. ಓಲೆಯ ಹಿಂದೆ ಎಣ್ಣೆ, ಸೋಪು ಕೂತಿರುತ್ತದೆ. ಅಂಟುವಾಳದ ನೀರು, ಮೆತ್ತನೆ ಬ್ರಷ್ ಇದ್ದರೆ ಓಲೆಯ ಜಿಡ್ಡು ಬಿಡುತ್ತದೆ. ಬೆಳ್ಳಿಯ ಕಪ್ಪಿಗೆ ಪಾಲಿಷ್ ಬೇಕು. ಆಮ್ಲಕ್ಕೆ ಅದ್ದಿದರೆ ಹೊಳಪು ಬೇಗ ಬರುತ್ತದೆ, ಆದರೆ ಲೋಹವೂ ಕೊಂಚ ಹೋಗುತ್ತದೆ. ಅದಕ್ಕೇ ಗಿರಾಕಿಯ ಕಣ್ಣೆದುರೇ ತೊಳೆಯುವ ಮುಂಚೆ ಒಮ್ಮೆ, ತೊಳೆದ ಮೇಲೆ ಒಮ್ಮೆ ತೂಗಬೇಕು. ಈ ಮಾತನ್ನೂ ಬರೆದೆವು.

ಕೊನೆಗೆ ಹೊರಟ ಶುಭಾಶಯ ಇದು:

‘ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡೋಣ. ನಿಮ್ಮ ಮನೆಗೆ, ಹೊಲಕ್ಕೆ, ಹಟ್ಟಿಗೆ ಸಂಕ್ರಾಂತಿಯ ಶುಭಾಶಯ.

ಜನವರಿ 13 ಮಂಗಳವಾರ, 14 ಬುಧವಾರ: ಬೆಳಿಗ್ಗೆ 9.30ರಿಂದ ರಾತ್ರಿ 9.
15 ಗುರುವಾರ, ಹಬ್ಬದ ದಿನ: ಬೆಳಿಗ್ಗೆ 9ರಿಂದ ಮಧ್ಯಾಹ್ನ 1 ಮಾತ್ರ. ಆಮೇಲೆ ನಾವೂ ಎಳ್ಳು ಬೀರಲು ಹೊರಡುತ್ತೇವೆ.
16ರಿಂದ ಎಂದಿನಂತೆ 10ರಿಂದ 8.

13ರಿಂದ 20ರವರೆಗೆ ಚಿನ್ನದ ಒಡವೆಯ ಮಜೂರಿಯಲ್ಲಿ ಗ್ರಾಂಗೆ 200 ರೂ. ಕಡಿಮೆ. ಚಿನ್ನಕ್ಕೆ ಆ ದಿನದ ದರ, ಜಿಎಸ್‌ಟಿ ಪ್ರತ್ಯೇಕ. ನಾಣ್ಯಕ್ಕೆ ಈ ಕಡಿತ ಇಲ್ಲ.

ಕೊಳ್ಳಲೇಬೇಕೆಂದಿಲ್ಲ. ಮನೆಯ ಓಲೆ, ಗೆಜ್ಜೆ ತನ್ನಿ. ನಿಮ್ಮೆದುರೇ ತೂಗಿ, ತೊಳೆದು, ಮತ್ತೆ ತೂಗಿ ಕೊಡುತ್ತೇವೆ. ಇದಕ್ಕೆ ದುಡ್ಡಿಲ್ಲ.’

ಕಳಿಸುವ ಮುನ್ನ ಚಿಕ್ಕಪ್ಪ ಎರಡು ಸಲ ಓದಿ, ‘ನಾವೂ ಎಳ್ಳು ಬೀರಲು’ ಎನ್ನುವ ಸಾಲಿಗೆ ನಕ್ಕರು. ‘ಬಾಗ್ಲು ಹಾಕಿದ್ಕೆ ಇನ್ ಯಾರೂ ಬೈಯಲ್ಲ ಬಿಡು’ ಎಂದರು. ಆಮೇಲೆ ಗೋಡೆಯ ಕ್ಯಾಲೆಂಡರ್ ತಿರುಗಿಸಿ 21ನೇ ತಾರೀಕಿಗೆ ಪೆನ್ನಿನಲ್ಲಿ ಒಂದು ಸುತ್ತು ಹಾಕಿದರು. ಆ ಬೆಳಿಗ್ಗೆ ಇನ್ನೊಂದು ಸಾಲು ಕಳಿಸಬೇಕು: ‘ಹಬ್ಬದ ಕಡಿತ ನಿನ್ನೆಗೆ ಮುಗಿಯಿತು. ತೊಳೆದುಕೊಡುವುದು ವರ್ಷವಿಡೀ ಇದೆ.’ ಶಿವರಾತ್ರಿಗೆ ಹಳೇ ಚಿತ್ರ ಹಿಡಿದು ಬರುವವರಿಗೆ ಅದನ್ನು ಈಗಲೇ ಹೇಳಿಟ್ಟಂತಾಯಿತು.